ತೊಡೆ ಉರಿ ಅಂತ ಹೋದರೆ ಸೊಂಟಕ್ಕೆ ಬೆಲ್ಟ್ ಕಟ್ಟಿ ಕಳಿಸಿದರು

ಕೋಪದಲ್ಲೇ ಬರೆಯುತ್ತಿದ್ದೇನೆ. ಮನೆಯಲ್ಲಿ ಹೇಳಿಕೊಳ್ಳೋಕೂ ನಾಚಿಕೆ. ಆದರೆ ನನ್ನ ಹಾಗೆ ಬೆಳಗಿಂದ ನಿಂತು ಕೆಲಸ ಮಾಡುವವರು ಕೋಲಾರದಲ್ಲಿ ತುಂಬ ಜನ ಇದ್ದಾರೆ. ಅವರಾದರೂ ಉಳಿದುಕೊಳ್ಳಲಿ.

ನಾನು ಟೊಮ್ಯಾಟೊ ಮಂಡಿಯಲ್ಲಿ ಲೆಕ್ಕ ಬರೆಯುವವನು. ವಯಸ್ಸು 38. ಸೀಸನ್‌ನಲ್ಲಿ ಬೆಳಕು ಹರಿಯುವ ಮೊದಲೇ ಹೋದರೆ ಹರಾಜು ಮುಗಿದು ಗಾಡಿಗಳು ಹೊರಡುವ ತನಕ ನಿಂತೇ ಇರಬೇಕು. ಎರಡು ವರ್ಷದಲ್ಲಿ 13 ಕೆಜಿ ಜಾಸ್ತಿ ಆಗಿದ್ದೆ. ಪ್ಯಾಂಟ್ ಮಾತ್ರ ಹಳೇವೇ. ಹೊಟ್ಟೆ ಮುಂದೆ ಬಂದರೆ ಪ್ಯಾಂಟ್ ಕೆಳಗೆ ಜಾರುತ್ತೆ ಅಲ್ವಾ, ಅದಕ್ಕೆ ಹೊಟ್ಟೆಯ ಕೆಳಗೆ ಬೆಲ್ಟ್ ಬಿಗಿಯಾಗಿ ಎಳೆದು ಕಟ್ಟುತ್ತಿದ್ದೆ. ಅದರ ಮೇಲೆ ದುಡ್ಡಿನ ಸೊಂಟದ ಬ್ಯಾಗ್, ಅದೂ ಬಲಗಡೆಗೆ.

ಜೂನ್‌ನಲ್ಲಿ ಶುರುವಾಯಿತು. ಬಲತೊಡೆಯ ಹೊರಬದಿ, ಪ್ಯಾಂಟಿನ ಜೇಬು ಇರುವ ಜಾಗದಿಂದ ಮಂಡಿಚಿಪ್ಪಿನ ಮೇಲಿನವರೆಗೆ, ಮೆಣಸಿನಕಾಯಿ ಅರೆದು ಹಚ್ಚಿದ ಹಾಗೆ ಉರಿ. ಒಂದು ಗಂಟೆ ನಿಂತರೆ ಜೋರು. ಕ್ರೇಟ್ ಬೋರಲು ಹಾಕಿ ಕೂತರೆ ಕಡಿಮೆ. ರಾತ್ರಿ ಲುಂಗಿ ಸವರಿದರೂ ಸಹಿಸೋಕೆ ಆಗುತ್ತಿರಲಿಲ್ಲ. ಆದರೆ ಅದೇ ಜಾಗ ಚಿವುಟಿದರೆ ಗೊತ್ತೇ ಆಗುತ್ತಿರಲಿಲ್ಲ, ಜೋಮು ಹಿಡಿದ ಹಾಗೆ. ಬೆನ್ನುನೋವು ಇರಲಿಲ್ಲ. ಇದನ್ನು ಮತ್ತೆ ಹೇಳುತ್ತೇನೆ, ಬೆನ್ನುನೋವು ಒಂದು ದಿನವೂ ಇರಲಿಲ್ಲ.

ಬೆನ್ನಿನ ಕ್ಲಿನಿಕ್ ಒಂದಕ್ಕೆ ಹೋದೆ. ಹೆಸರು ಬರೆಯಲ್ಲ. "ಕಾಲು ಉರಿ ಅಂದ್ರೆ ಬೆನ್ನಿಂದಾನೇ ಸರ್, ಸಯಾಟಿಕಾ" ಅಂದರು. ತೊಡೆ ಮುಟ್ಟಿಯೂ ನೋಡಲಿಲ್ಲ. ನಾನು ಬೆಲ್ಟ್ ಕೂಡ ಬಿಚ್ಚಲಿಲ್ಲ. ಎಮ್‌ಆರ್‌ಐಗೆ 6,500. ಅದರಲ್ಲಿ ಸೊಂಟದ ಹತ್ತಿರ ಬೆನ್ನುಮೂಳೆಯ ಎಲ್4-ಎಲ್5 ಅನ್ನೋ ಎರಡು ಎಲುಬುಗಳ ನಡುವಿನ ಮೆತ್ತೆ, ಅಂದರೆ ಡಿಸ್ಕ್, ಸ್ವಲ್ಪ ಉಬ್ಬಿದೆ ಅಂತ ಬಂತು. ಅಷ್ಟೇ ಸಾಕಾಯಿತು ಅವರಿಗೆ. ಹತ್ತು ಸಿಟಿಂಗ್ ಟ್ರ್ಯಾಕ್ಷನ್ ಪ್ಯಾಕೇಜ್ 15,000, ಮೊದಲೇ ಕಟ್ಟಬೇಕು. ಜೊತೆಗೆ ಸೊಂಟದ ಬೆಲ್ಟ್ 1,800. ಕಟ್ಟಿದೆ.

ಟ್ರ್ಯಾಕ್ಷನ್ ಅಂದರೆ ಸೊಂಟಕ್ಕೆ ಅಗಲವಾದ ಪಟ್ಟಿ ಬಿಗಿದು ಕೆಳಕ್ಕೆ ಎಳೆಯುವುದು. ಮೂರನೇ ಸಲ ಎದ್ದು ನಿಂತಾಗ ತೊಡೆ ಪೂರ್ತಿ ಬೆಂಕಿ. ಹೇಳಿದೆ. ಅಲ್ಲಿದ್ದ ಹುಡುಗ "ನರ ಓಪನ್ ಆಗ್ತಿದೆ ಸರ್, ಉರಿ ಬಂದ್ರೆ ಒಳ್ಳೇದು" ಅಂದ. ನಂಬಿದೆ. ಬೆಲ್ಟ್ ಕಟ್ಟಿಕೊಂಡರೆ ಇನ್ನೂ ಜಾಸ್ತಿ ಅಂತ ಇನ್ನೊಂದು ದಿನ ಹೇಳಿದೆ. "ಸಡಿಲ ಕಟ್ತಿದೀರಾ, ಅದಕ್ಕೇ. ಟೈಟ್ ಮಾಡಿ" ಅಂತ ಅವನೇ ಎಳೆದು ಬಿಗಿದ. ಮೂರು ವಾರ, ಬೆಳಗಿಂದ ಸಂಜೆವರೆಗೆ ಅದನ್ನು ಕಟ್ಟಿಕೊಂಡು ಓಡಾಡಿದ್ದೇನೆ. ಉರಿ ಬಂದಾಗಲೆಲ್ಲ ಒಳ್ಳೇದಾಗುತ್ತಿದೆ ಅಂದುಕೊಂಡು ಇನ್ನಷ್ಟು ಬಿಗಿಯುತ್ತಿದ್ದೆ. ಈಗ ನೆನೆದರೆ ಹೊಟ್ಟೆ ಉರಿಯುತ್ತದೆ.

ಚಿಕ್ಕಪ್ಪನ ಮಗಳು ನರ್ಸ್. ಅವಳು ನನ್ನ ನಡಿಗೆ ನೋಡಿ "ಅಣ್ಣ, ಮೊದಲು ನರದ ಡಾಕ್ಟರಿಗೆ ತೋರಿಸು" ಅಂತ ಬಲವಂತ ಮಾಡಿದಳು. ಆ ಡಾಕ್ಟರಮ್ಮ ಮೊದಲು ಹೇಳಿದ ಮಾತೇ "ಬೆಲ್ಟ್ ಬಿಚ್ಚಪ್ಪ". ಆಮೇಲೆ ಹತ್ತಿಯಿಂದ ತೊಡೆ ಸವರುತ್ತಾ, ಎಲ್ಲಿ ಗೊತ್ತಾಗಲ್ಲವೋ ಅಲ್ಲೆಲ್ಲ ಪೆನ್ನಿನಿಂದ ಗೆರೆ ಎಳೆದರು. ಉದ್ದನೆಯ ಮೊಟ್ಟೆಯ ಆಕಾರ ಬಂತು. ಮಂಡಿಯ ಕೆಳಗೆ ಒಂದು ಚುಕ್ಕಿಯೂ ಇಲ್ಲ. ಸುತ್ತಿಗೆಯಿಂದ ಎರಡೂ ಮಂಡಿ ತಟ್ಟಿದರು, ಎರಡೂ ಒಂದೇ ಥರ ಒದ್ದವು. ಹಿಮ್ಮಡಿ ಮೇಲೆ, ತುದಿಗಾಲ ಮೇಲೆ ನಡೆಸಿದರು. ಶಕ್ತಿ ಸರಿ ಇತ್ತು. ಆಮೇಲೆ ಸೊಂಟದ ಮುಂದೆ ಕೈಗೆ ಸಿಗುವ ಮೂಳೆಯ ತುದಿ ಇದೆಯಲ್ಲ, ಅದರ ಸ್ವಲ್ಪ ಒಳಗಡೆ ಬೆರಳಿನಿಂದ ತಟ್ಟಿದರು. ತೊಡೆಗೆ ಕರೆಂಟ್ ಹೊಡೆದ ಹಾಗಾಯಿತು.

ಕೊನೆಗೆ ಎಡಮಗ್ಗುಲಾಗಿ ಮಲಗಿಸಿ, ಮೇಲೆ ಬಂದ ಬಲಗಡೆ ಸೊಂಟದ ಮೂಳೆಯನ್ನು ಎರಡೂ ಕೈಯಿಂದ ಕೆಳಕ್ಕೆ ಒತ್ತಿ ಹಿಡಿದರು. ಮುಕ್ಕಾಲು ನಿಮಿಷ ಇರಬಹುದು. "ಈಗ ಹೇಗಿದೆಯಪ್ಪ?" ಅಂದರು. ಉರಿ ಇಳಿದಿತ್ತು. ಹಾಗೆ ಒತ್ತಿದಾಗ ನರದ ಮೇಲಿನ ಬಿಗಿ ಸಡಿಲ ಆಗುತ್ತದಂತೆ. ಎರಡು ತಿಂಗಳು, 23,300 ರೂಪಾಯಿ ಆದಮೇಲೆ, ಬರೀ ಕೈಯಲ್ಲಿ ಗೊತ್ತಾಯಿತು. ಅಲ್ಲೇ ಮಂಚದ ಮೇಲೆ ಕಣ್ಣಲ್ಲಿ ನೀರು ಬಂತು.

ಇದರ ಹೆಸರು ಮೆರಾಲ್ಜಿಯಾ ಪ್ಯಾರೆಸ್ಥೆಟಿಕಾ. ತೊಡೆಯ ಹೊರಬದಿ ಚರ್ಮಕ್ಕೆ ಅಂತಲೇ ಒಂದು ನರ ಇದೆ. ಬೆನ್ನುಮೂಳೆಯ ಎಲ್2-ಎಲ್3 ಮಟ್ಟದಲ್ಲಿ ಹುಟ್ಟಿ, ಕಿಬ್ಬೊಟ್ಟೆಯ ಒಳಗಿಂದ ಬಂದು, ಸೊಂಟದ ಆ ಮೂಳೆಯ ಪಕ್ಕದಲ್ಲಿ, ತೊಡೆಸಂದಿನ ಗಟ್ಟಿ ಪಟ್ಟಿಯ ಕೆಳಗೆ ತೂರಿ ತೊಡೆಗೆ ಇಳಿಯುತ್ತದೆ. ತೂರುವ ಆ ಜಾಗ ತುಂಬ ಇಕ್ಕಟ್ಟು. ಹೊಟ್ಟೆ ಜೋತರೆ ಆ ಪಟ್ಟಿ ಎಳೆದುಕೊಂಡು ಒತ್ತುತ್ತದೆ. ಬೆಲ್ಟ್, ಬ್ಯಾಗಿನ ಪಟ್ಟಿ, ಟೈಟ್ ಪ್ಯಾಂಟ್ ಹೊರಗಿಂದ ಒತ್ತುತ್ತವೆ. ಬಸುರಿಯರಿಗೂ, ಸಕ್ಕರೆ ಕಾಯಿಲೆಯವರಿಗೂ ಬರುತ್ತದಂತೆ. ಈ ನರಕ್ಕೆ ಸ್ಪರ್ಶ ತಿಳಿಸುವುದೊಂದೇ ಕೆಲಸ. ಸ್ನಾಯು ಆಡಿಸುವುದಿಲ್ಲ. ಅದಕ್ಕೇ ಎಷ್ಟು ಉರಿದರೂ ಕಾಲಿನ ಶಕ್ತಿ ಹೋಗುವುದಿಲ್ಲ.

ಸಯಾಟಿಕಾ ನೋವು ಕುಂಡಿಯಿಂದ ಕಾಲಿನ ಹಿಂದೆ, ಮಂಡಿ ದಾಟಿ ಪಾದದ ಕಡೆ ಇಳಿಯುತ್ತದೆ. ಎಲ್4-ಎಲ್5 ಡಿಸ್ಕ್ ಒತ್ತಿದರೆ ಸಾಮಾನ್ಯವಾಗಿ ಮೊಣಕಾಲ ಕೆಳಗೆ, ಪಾದದ ಮೇಲೆ ತೊಂದರೆ. ನನ್ನ ಗೆರೆ ಮಂಡಿಯ ಮೇಲೇ ನಿಂತಿತ್ತು. ಸ್ವಲ್ಪ ಉಬ್ಬಿದ ಡಿಸ್ಕ್ ಈ ವಯಸ್ಸಿನಲ್ಲಿ ಯಾವ ನೋವೂ ಇಲ್ಲದವರಲ್ಲೂ ಕಾಣುತ್ತದೆ ಅಂದರು ಡಾಕ್ಟರಮ್ಮ. ಈ ಕಾಯಿಲೆಗೆ 1895ರಲ್ಲೇ ರಷ್ಯಾದ ಡಾಕ್ಟರ್ ರಾಥ್ ಹೆಸರಿಟ್ಟಿದ್ದಾರೆ, ಬಿಗಿ ಬೆಲ್ಟ್ ಕಟ್ಟುವ ಕುದುರೆ ಸವಾರರಲ್ಲಿ ನೋಡಿ. ಅಷ್ಟು ಹಳೇ ವಿಷಯ! ಅಂಥದ್ದರಲ್ಲಿ ನನಗೆ ಬೆಲ್ಟ್ ಮಾರಿದರು.

ರಸೀದಿ ಹಿಡಿದು ಕ್ಲಿನಿಕ್‌ಗೆ ಹೋದೆ. ನಾಲ್ಕು ಸಿಟಿಂಗ್ ಆಗಿದೆ, ಉಳಿದ ಆರರ ದುಡ್ಡು ಕೊಡಿ ಅಂದೆ. "ಪ್ಯಾಕೇಜ್‌ಗೆ ರಿಫಂಡ್ ಇಲ್ಲ ಸರ್." ಕಾಯಿಲೆಯೇ ಬೇರೆ ಅಂತೆ ಅಂದೆ. "ರಿಪೋರ್ಟಲ್ಲಿ ಬಲ್ಜ್ ಇದೆ ತಾನೇ? ನಾವು ಸುಳ್ಳು ಹೇಳಿದ್ವಾ?" ಬೆಲ್ಟಿಂದಾನೇ ಜಾಸ್ತಿ ಆಯಿತಲ್ಲಾ ಅಂದೆ. "ನೀವು ಜಾಸ್ತಿ ಟೈಟ್ ಕಟ್ಟಿರಬೇಕು." ಬಿಗಿದವನು ಅಲ್ಲೇ ಪಕ್ಕದಲ್ಲಿ ನಿಂತಿದ್ದ, ತಲೆ ಎತ್ತಲಿಲ್ಲ. ಜನ ನೋಡುತ್ತಿದ್ದರು. ಮಾತು ಬರದೆ ವಾಪಸ್ ಬಂದೆ.

ನನಗೆ ಕೊಟ್ಟ ಚಿಕಿತ್ಸೆ ಇಷ್ಟೇ. ಆರು ವಾರ ಬೆಲ್ಟ್ ಬೇಡ, ಸಡಿಲ ಪ್ಯಾಂಟ್, ದುಡ್ಡಿನ ಬ್ಯಾಗ್ ಹೆಗಲಿಗೆ. ನಿಂತಿದ್ದರೆ ನಡುನಡುವೆ ಕೂರುವುದು. ತೂಕ ಇಳಿಸುವುದು. ಸಕ್ಕರೆ ಪರೀಕ್ಷೆ ಮಾಡಿಸಿದರು, ಇರಲಿಲ್ಲ. ರಾತ್ರಿಗೆ ನರದ ಉರಿಗೆ ಒಂದು ಮಾತ್ರೆ. ಅದು ತೂಕಡಿಕೆ ತರುತ್ತದೆ, ಅಂಗಡಿಯಲ್ಲಿ ಕೇಳಿ ತಗೋಬೇಡಿ. ಇದಕ್ಕೆ ಬಗ್ಗದಿದ್ದರೆ ನರದ ಪಕ್ಕ ಇಂಜೆಕ್ಷನ್, ಆಪರೇಷನ್ ಬೇಕಾಗುವುದು ತೀರಾ ಅಪರೂಪ.

ಬೆನ್ನಿನ ಡಾಕ್ಟರ ಹತ್ತಿರ ಹೋಗಲೇಬೇಡಿ ಅಂತ ಹೇಳುತ್ತಿಲ್ಲ. ಮಂಡಿಯ ಒದೆತ ಕಡಿಮೆ ಇದ್ದಿದ್ದರೆ ಬೆನ್ನನ್ನೇ ನೋಡುತ್ತಿದ್ದೆ ಅಂದರು ಡಾಕ್ಟರಮ್ಮ. ಕಾಲಿಗೆ ಬಲ ಇಲ್ಲ, ಕೂರುವ ಜಾಗ ಮರಗಟ್ಟಿದೆ, ಮೂತ್ರ ಹಿಡಿತಕ್ಕೆ ಸಿಗುತ್ತಿಲ್ಲ ಅಂದರೆ ಅದು ಬೇರೆ, ಆವತ್ತೇ ಆಸ್ಪತ್ರೆಗೆ ಓಡಿ. ಆದರೆ ತೊಡೆಯ ಹೊರಬದಿ ಮಾತ್ರ ಉರಿದು ಜೋಮು ಹಿಡಿದಿದ್ದರೆ, ಮುಟ್ಟಿ ನೋಡದೆ ಪ್ಯಾಕೇಜ್ ಅಂದವರಿಗೆ ಒಂದು ರೂಪಾಯಿ ಕಟ್ಟಬೇಡಿ. ಸೊಂಟದ ಬೆಲ್ಟ್ ಕಟ್ಟಿದಾಗ ಉರಿ ಏರಿದರೆ ಬಿಚ್ಚಿ ಹಾಕಿ, ಯಾರು ಏನೇ ಹೇಳಲಿ.

ನನಗೆ ನಾಲ್ಕನೇ ವಾರಕ್ಕೆ ಉರಿ ಅರ್ಧ ಇಳಿಯಿತು. ಈಗ 5 ಕೆಜಿ ಕಡಿಮೆ ಆಗಿದ್ದೇನೆ. ಅಂಗೈಯಷ್ಟು ಜಾಗದಲ್ಲಿ ಜೋಮು ಇನ್ನೂ ಇದೆ, ತಿಂಗಳುಗಳು ಹಿಡಿಯಬಹುದು ಅಂದಿದ್ದಾರೆ. ಮೊನ್ನೆ ಕ್ಲಿನಿಕ್‌ನಿಂದ ಫೋನ್ ಬಂತು. "ಸರ್, ನಿಮ್ಮದು ಆರು ಸಿಟಿಂಗ್ ಬಾಕಿ ಇದೆ, ಈ ತಿಂಗಳು ಬರದಿದ್ರೆ ಕ್ಯಾನ್ಸಲ್ ಆಗುತ್ತೆ."