ಬಾವಿ ಸರ್ವೆಗೆ ಕ್ಯೂಫೀಲ್ಡಾ, ಮರ್ಜಿನ್ ಮ್ಯಾಪ್ಸಾ? ಫೋಟೋ ಕಳ್ಕೊಂಡ ಮೇಲೆ ಬರೀತಿರೋದು

ಎರಡೂ ಫೋನಲ್ಲಿ ನಕ್ಷೆ ಮೇಲೆ ಜಾಗ ಗುರುತು ಮಾಡಿ ವಿವರ, ಫೋಟೋ ದಾಖಲಿಸೋ ಆ್ಯಪ್‌ಗಳು. ಮೊದಲೇ ಹೇಳ್ಬಿಡ್ತೀನಿ, ನಂಗೆ ಮರ್ಜಿನ್ ಮ್ಯಾಪ್ಸೇ ಸರಿ. ಹೋದ ಮೇ ತಿಂಗಳು ಸಿದ್ದಾಪುರದ ಕಡೆ ತೆರೆದ ಬಾವಿಗಳಲ್ಲಿ ನೀರು ಎಷ್ಟು ಕೆಳಗಿದೆ ಅಂತ ದಾಖಲು ಮಾಡೋಕೆ ಇಬ್ಬರು ಹೋಗಿದ್ವಿ, ನೆಟ್‌ವರ್ಕ್ ಬೇಕಂದ್ರೆ ಗುಡ್ಡ ಹತ್ಬೇಕು. ನನ್ನ ಫೋನಲ್ಲಿ ಕ್ಯೂಫೀಲ್ಡ್ ಇತ್ತು. 43 ಬಾವಿ, ಒಂದೊಂದಕ್ಕೂ ಕಟ್ಟೆದೊಂದು, ಒಳಗಿನ ನೀರಿಂದೊಂದು ಫೋಟೋ.

ತೋಟದಲ್ಲಿ ಏನೂ ತೊಂದ್ರೆ ಆಗ್ಲಿಲ್ಲ, ಆಗಿದ್ದು ಮನೇಲಿ. ಕೇಬಲ್ ಹಾಕಿ ಬಾವಿಗಳ ದಾಖಲೆ ಇರೋ ಜಿಯೋಪ್ಯಾಕೇಜ್, ಅಂದ್ರೆ `.gpkg` ಫೈಲ್ ಒಂದನ್ನೇ ಲ್ಯಾಪ್‌ಟಾಪಿಗೆ ತಗೊಂಡೆ, ನಕ್ಷೆ ತಂತ್ರಾಂಶ ಕ್ಯೂಜಿಐಎಸ್‌ನಲ್ಲಿ ತೆಗೆದು ನೋಡಿದ್ರೆ 43 ಪಾಯಿಂಟೂ ಇದೆ, ಫೋಟೋ ಕಾಲಂ ಕೂಡ ತುಂಬಿದೆ, ಸರಿ ಅಂದ್ಕೊಂಡು ಫೋನಲ್ಲಿ ಜಾಗ ಇಲ್ಲ ಅಂತ ಆ್ಯಪ್ ತೆಗೆದುಹಾಕ್ದೆ. ಆದ್ರೆ ಆ ಕಾಲಂನಲ್ಲಿ ಇರೋದು ಫೋಟೋ ಅಲ್ಲ, `DCIM/` ಅಂತ ಶುರುವಾಗೋ ದಾರಿ ಅಷ್ಟೇ. ಚಿತ್ರಗಳು ಪ್ರಾಜೆಕ್ಟಿನ `DCIM` ಫೋಲ್ಡರಲ್ಲಿ ಬೇರೆಯಾಗಿ ಇರ್ತವೆ, ಆ ಪ್ರಾಜೆಕ್ಟ್ ಫೋಲ್ಡರ್ ಇದ್ದಿದ್ದು `Android/data/ch.opengis.qfield/files` ಒಳಗೆ, ಆಂಡ್ರಾಯ್ಡ್‌ನಲ್ಲಿ ಆ್ಯಪ್ ತೆಗೆದ್ರೆ ಅದರ ಈ ಫೋಲ್ಡರೂ ಜೊತೆಗೇ ಅಳಿಸಿಹೋಗುತ್ತೆ. 86 ಫೋಟೋನೂ ಹೋಯ್ತು. ಮತ್ತೆ ಹೋಗಿ ತೆಗೆಯೋಣ ಅಂದ್ರೆ ಜೂನ್ ಮಳೆ ಬಂದು ಬಾವಿ ಏರಿತ್ತು, ಮೇ ಕೊನೆಯ ಮಟ್ಟ ಈ ವರ್ಷಕ್ಕೆ ಸಿಗಲ್ಲ.

ಆ್ಯಪಿನ ತಪ್ಪಲ್ಲ, ತಪ್ಪು ನಂದೇ. ಕ್ಯೂಫೀಲ್ಡ್ ಬಳಸೋರು ಇಡೀ ಪ್ರಾಜೆಕ್ಟ್ ಫೋಲ್ಡರ್ ತಗೊಳ್ಳಿ, ಲ್ಯಾಪ್‌ಟಾಪಲ್ಲಿ ಫಾರ್ಮ್ ತೆಗೆದು ನಾಲ್ಕೈದು ಬಾವಿಯ ಚಿತ್ರ ನಿಜಕ್ಕೂ ಕಾಣುತ್ತಾ ಅಂತ ನೋಡೋವರೆಗೂ ಫೋನ್ ಮುಟ್ಟಬೇಡಿ.

ನನ್ನ ಜೊತೆಗಿದ್ದವರ ಫೋನಲ್ಲಿ ಮರ್ಜಿನ್ ಮ್ಯಾಪ್ಸ್ ಇತ್ತು. ಸಂಜೆ ವೈಫೈ ಸಿಕ್ಕ ಕಡೆ ಸಿಂಕ್ ಒತ್ತಿದ್ರು, ಪಾಯಿಂಟೂ ಫೋಟೋನೂ ಒಟ್ಟಿಗೆ ಸರ್ವರಿಗೆ ಹೋಯ್ತು, ಅವರದ್ದು ಒಂದೂ ಕಳೆದಿಲ್ಲ. ಒಂದೇ ಜಿಯೋಪ್ಯಾಕೇಜಿಗೆ ಇಬ್ಬರು ಬೇರೆ ಬೇರೆ ಬಾವಿ ಸೇರಿಸಿದ್ರೆ ಮರ್ಜಿನ್ನೇ ಕೂಡಿಸ್ಕೊಳ್ಳುತ್ತೆ. ಅದರ ಬದಲು ಶೇಪ್‌ಫೈಲ್ ಅನ್ನೋ ಇನ್ನೊಂದು ಬಗೆಯ ಫೈಲ್ ಇಟ್ರೆ ಹಾಗೆ ಕೂಡಿಸಲ್ಲ, ಅದು ನೆನಪಿರ್ಲಿ. ಫೋಟೋ ಒಂದಕ್ಕೆ 3 ಎಂಬಿ ಅಂದ್ರೂ 86ಕ್ಕೆ ಸುಮಾರು 260 ಎಂಬಿ, ಡಾಂಗಲ್‌ನಲ್ಲಿ ಕಳಿಸೋಕೆ ಕೂತ್ರೆ ರಾತ್ರಿ ಆಗುತ್ತೆ, ಹಾಗಾಗಿ ಹೊರಡೋ ಮೊದ್ಲೇ ಪ್ರಾಜೆಕ್ಟಲ್ಲಿ ಫೋಟೋ ಗುಣಮಟ್ಟ ಇಳಿಸಿಟ್ಕೊಳ್ಳಿ, ನೀರಿನ ಗುರುತು ಕಾಣೋಕೆ ಅಷ್ಟು ಸಾಕು.

ಫಾರ್ಮ್ ತುಂಬಿಸೋ ಆ್ಯಪ್ ಕೋಬೊ ಕಲೆಕ್ಟೂ ನೋಡ್ದೆ, ಫಾರ್ಮಿನ ಜೊತೆಗೇ ಫೋಟೋ ಹೋಗುತ್ತೆ, ಬೇರೆ ಆಗೋ ಭಯ ಇಲ್ಲ, ಆದ್ರೆ ಹಳೇ ಬಾವಿಯನ್ನ ನಕ್ಷೆ ಮೇಲೆ ಒತ್ತಿ ತಿದ್ದೋ ನಮ್ಮ ಕೆಲಸಕ್ಕೆ ಹೊಂದಲಿಲ್ಲ.

ದುಡ್ಡೇ ಖರ್ಚಾಗಬಾರದು, ಒಬ್ಬರೇ ಹೋಗ್ತೀರಿ ಅಂದ್ರೆ ಕ್ಯೂಫೀಲ್ಡೂ ಕೇಬಲ್ಲೂ ಸಾಕು. ನಾವಿಬ್ಬರು, ದಿನಾ ಸಂಜೆ ಸುಸ್ತಾಗಿ ಬರೋರು, ಫೋಲ್ಡರ್ ಕಾಪಿ ಮಾಡೋಕೆ ಮರೆತೇ ಮರೀತೀವಿ, ಅದಕ್ಕೇ ಮುಂದಿನ ಮೇಗೆ ಎರಡೂ ಫೋನಲ್ಲಿ ಮರ್ಜಿನ್.