ಲಿಂಕ್ಡ್‌ಇನ್ ಪರಿಚಯಕ್ಕೆ ‘ಇವರು’ ಸರಿಯೋ, ‘ನಾನು’ ಸರಿಯೋ?

ಗೆಳತಿಯ ಪರಿಚಯ ಹೀಗಿತ್ತು: “ಇವರು ಡೈನಾಮಿಕ್ ಟೆಸ್ಟರ್. 2019ರಿಂದ ಬ್ಯಾಂಕಿಂಗ್ ಆ್ಯಪ್‌ಗಳನ್ನು ಪರೀಕ್ಷಿಸಿದೆ. ನಾಲ್ವರ ತಂಡ ನಡೆಸುತ್ತಾರೆ.”

ತಿದ್ದಿದ ಮೇಲೆ: “ನಾನು ಟೆಸ್ಟರ್. 2019ರಿಂದ ಬ್ಯಾಂಕಿಂಗ್ ಆ್ಯಪ್‌ಗಳನ್ನು ಪರೀಕ್ಷಿಸುತ್ತಿದ್ದೇನೆ. ನಾಲ್ವರ ತಂಡ ನಡೆಸುತ್ತೇನೆ. ಹಣ ಎರಡು ಸಲ ಕಡಿತವಾಗುವ ದೋಷವನ್ನು ಬಿಡುಗಡೆಗೆ ಮುಂಚೆಯೇ ಹಿಡಿದೆ.”

‘ಇವರು’ ಸಭೆಯಲ್ಲಿ ಬೇರೆಯವರು ಓದುವ ಪರಿಚಯಕ್ಕೆ ಸರಿ. ನಮ್ಮದೇ ಪುಟದಲ್ಲಿ ‘ನಾನು’ ಸಹಜ, ಅಲ್ವಾ? ‘ಡೈನಾಮಿಕ್’ ಅನ್ನು ಯಾರು ಬೇಕಾದರೂ ಬರೆದುಕೊಳ್ಳಬಹುದು. ಅದನ್ನು ತೆಗೆದು, ಹಿಡಿದ ದೋಷವನ್ನೇ ಹೇಳಿದೆವು. ಅದೇ ನನಗೆ ಜಾಸ್ತಿ ಇಷ್ಟವಾದ ಬದಲಾವಣೆ.

ತಪ್ಪು ಹುಡುಕಲು ಕ್ರಿಯಾಪದದ ಕೊನೆಯನ್ನಷ್ಟೇ ಓದುತ್ತಾ ಹೋಗಿ. ಗೆಳತಿಯ ಮೊದಲ ಪರಿಚಯದಲ್ಲಿ ‘ನಾನು’ಗೆ ಹೊಂದುವ ‘ಪರೀಕ್ಷಿಸಿದೆ’, ‘ಇವರು’ಗೆ ಹೊಂದುವ ‘ನಡೆಸುತ್ತಾರೆ’ ಬೆರೆತದ್ದು ತಕ್ಷಣ ಕಾಣುತ್ತದೆ. ದೋಷ ಹಿಡಿದದ್ದು ಮುಗಿದ ಕೆಲಸ, ಹಾಗಾಗಿ ‘ಹಿಡಿದೆ’. ಪರೀಕ್ಷೆ ಇನ್ನೂ ನಡೆಯುತ್ತಿದೆ, ಅದಕ್ಕೆ ‘-ತ್ತಿದ್ದೇನೆ’.