ಗೀಸರ್‌ಗೆ ಟೈಮರ್ ಹಾಕಬೇಕಾ, ಹೊದಿಕೆ ಸುತ್ತಬೇಕಾ? ಎರಡು ಮನೆಗಳಲ್ಲಿ ಹಾಕಿ ನೋಡಿದ್ದು

ಮಲೆನಾಡಿನಲ್ಲಿ ಮಳೆ ಹಿಡಿದರೆ ಬಚ್ಚಲ ಒಲೆಗೆ ಹಾಕುವ ಅಡಿಕೆ ಸಿಪ್ಪೆಯೂ ಒದ್ದೆ, ಸೌದೆಯೂ ಒದ್ದೆ. ಆಗ ಎಲ್ಲರ ಕೈಯೂ ಹೋಗುವುದು ಗೀಸರ್ ಸ್ವಿಚ್ಚಿಗೆ. ಮುಂದಿನ ತಿಂಗಳು ಬಿಲ್ ನೋಡಿ ಬೇಜಾರಾಗುವುದೂ ಅದಕ್ಕೇ. ಗೃಹಜ್ಯೋತಿ ಇರುವ ಮನೆಗೂ ಇದು ಚಿಂತೆಯೇ, ಯಾಕೆಂದರೆ ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಕರೆಂಟ್ ಉಳಿಸಲು ಜನ ಹೇಳುವ ದಾರಿ ಎರಡು: ಟೈಮರ್ ಹಾಕಿಸಿ, ಇಲ್ಲವೇ ಟ್ಯಾಂಕಿಗೆ ಹೊದಿಕೆ ಸುತ್ತಿ. ಯಾವುದರಿಂದ ನಿಜವಾಗಿ ಎಷ್ಟು ಉಳಿಯುತ್ತದೆ ಎಂದು ತಿಳಿಯಬೇಕಿತ್ತು. ಹಾಗಾಗಿ ಶಿವಮೊಗ್ಗದ ನಮ್ಮ ಮನೆಯಲ್ಲೂ, ತೀರ್ಥಹಳ್ಳಿ ಕಡೆ ಇರುವ ದೊಡ್ಡಮ್ಮನ ಮನೆಯಲ್ಲೂ ಗೀಸರ್ ಲೈನಿಗೆ ಒಂದೊಂದು ಚಿಕ್ಕ ಯೂನಿಟ್ ಮೀಟರ್ ಹಾಕಿಸಿ, ಒಂದೊಂದೇ ವಿಧಾನವನ್ನು ಕೆಲವು ವಾರ ಇಟ್ಟು ನೋಡಿದೆ.

ಎರಡೂ ಕಡೆ ಇರುವುದು 25 ಲೀಟರ್ ಟ್ಯಾಂಕ್, 2 ಕಿಲೋವ್ಯಾಟ್ ಕಾಯಿಲ್. ನಮ್ಮದು ಹೊಸದು, ಒಳಗೆ ದಪ್ಪ ಫೋಮ್ ಇದೆ. ದೊಡ್ಡಮ್ಮನದು ಹಳೆಯದು, ಗ್ಲಾಸ್ ವೂಲ್ ತುಂಬಿದ್ದು. ಹಳೆಯದರ ಮೈ ಮುಟ್ಟಿದರೆ ಸಾಕು, ವಿಷಯ ಗೊತ್ತಾಗುತ್ತದೆ. ಬೆಳಗಿನ ಚಳಿಯಲ್ಲೂ ಅದು ಬೆಚ್ಚಗಿರುತ್ತದೆ, ಕೆಲವು ಕಡೆ ಇನ್ನೂ ಜಾಸ್ತಿ ಬಿಸಿ. ಒಳಗಿನ ಗ್ಲಾಸ್ ವೂಲ್ ಕುಸಿದೋ ತೇವ ಹಿಡಿದೋ ಇರುವ ಜಾಗ ಅದು. ಹೊಸದರ ಮೈ ಹೆಚ್ಚುಕಡಿಮೆ ಗೋಡೆಯಷ್ಟೇ ತಣ್ಣಗಿರುತ್ತದೆ.

ಮೊದಲು ಸ್ನಾನದ ಲೆಕ್ಕ ನೋಡೋಣ. 18 ಲೀಟರಿನ ಒಂದು ಬಕೆಟ್ ನೀರನ್ನು 20 ಡಿಗ್ರಿಯಿಂದ 40 ಡಿಗ್ರಿಗೆ ತರಲು 0.4 ಯೂನಿಟ್‌ಗಿಂತ ಸ್ವಲ್ಪ ಹೆಚ್ಚು ಬೇಕು. ಅಷ್ಟೇ ಕರೆಂಟಿನಲ್ಲಿ 9 ವ್ಯಾಟಿನ ಎಲ್‌ಇಡಿ ಬಲ್ಬ್ ಹತ್ತಿರ ಹತ್ತಿರ ಎರಡು ದಿನ ಹಗಲೂ ರಾತ್ರಿ ಉರಿಯುತ್ತದೆ. ನೀರಿನ ಗುಣವೇ ಹಾಗೆ, ಬಿಸಿಯಾಗಲು ತುಂಬಾ ಶಕ್ತಿ ಕೇಳುತ್ತದೆ. ಯಾವ ಕಂಪನಿಯ ಗೀಸರ್ ತಂದರೂ, ಯಾವ ಟೈಮರ್ ಹಾಕಿದರೂ ಈ 0.4 ಇಳಿಯುವುದಿಲ್ಲ. ನಾವು ನಾಲ್ಕು ಜನ, ಆಳಿಗೊಂದು ಬಕೆಟ್. ಅಲ್ಲಿಗೆ ದಿನಕ್ಕೆ ಸುಮಾರು 1.7 ಯೂನಿಟ್ ಸ್ನಾನಕ್ಕೇ ಹೋಯಿತು.

ಉಳಿಸಲು ಸಿಗುವುದು ಇದರ ಮೇಲೆ ಆಗುವ ನಷ್ಟ ಮಾತ್ರ. ಟ್ಯಾಂಕಿನಲ್ಲಿ 60 ಡಿಗ್ರಿ ನೀರಿದೆ, ಬಚ್ಚಲಲ್ಲಿ 16, 18 ಡಿಗ್ರಿ ಗಾಳಿ ಇದೆ. ಆ ಬಿಸಿ ಟ್ಯಾಂಕಿನ ಮೈಯಿಂದ, ಪೈಪಿನಿಂದ ಹೊರಗೆ ಹೋಗುತ್ತಲೇ ಇರುತ್ತದೆ. ಥರ್ಮೋಸ್ಟಾಟ್ ಆಗಾಗ ಕಾಯಿಲ್ ಹೊತ್ತಿಸಿ ಅದನ್ನು ತುಂಬಿಸುತ್ತದೆ. ಯಾರೂ ನಲ್ಲಿ ತಿರುಗಿಸದೆ ಇದ್ದರೂ ಮೀಟರ್ ಓಡುವುದು ಇದಕ್ಕೇ. ಗೀಸರ್ ಮೇಲಿನ ಸ್ಟಾರ್ ಲೇಬಲ್‌ನಲ್ಲಿ ಇರುವುದೂ ಇದೇ ನಷ್ಟದ ಲೆಕ್ಕ: ಒಳಗೂ ಹೊರಗೂ 45 ಡಿಗ್ರಿ ವ್ಯತ್ಯಾಸ ಇದ್ದರೆ 24 ಗಂಟೆಯಲ್ಲಿ ಎಷ್ಟು ಯೂನಿಟ್ ಹೋಗುತ್ತದೆ ಎನ್ನುವುದು. ನೀರು ಬಳಸದೆ ಒಂದಿಡೀ ದಿನ ಆನ್ ಇಟ್ಟು ನೋಡಿದಾಗ ನಮ್ಮ ಹೊಸ ಗೀಸರ್ ಮುಕ್ಕಾಲು ಯೂನಿಟ್ ಆಸುಪಾಸು ತಿಂದಿತು. ದೊಡ್ಡಮ್ಮನದು ಒಂದೂವರೆ.

ಈ ಒಂದೂವರೆಯ ಅರ್ಥ ನೋಡಿ. ಅಲ್ಲಿ ಇರುವವರು ಇಬ್ಬರೇ, ಸ್ನಾನಕ್ಕೆ ದಿನಕ್ಕೆ 0.85 ಯೂನಿಟ್ ಸಾಕು. ಆದರೆ ಗೀಸರ್ ಸದಾ ಆನ್. ಮೈಗೆ ಸುರಿದುಕೊಂಡ ಬಿಸಿಗಿಂತ ಬಚ್ಚಲ ಗೋಡೆಗೆ ಕೊಟ್ಟ ಬಿಸಿಯೇ ಜಾಸ್ತಿ.

ಸದಾ ಆನ್ ಯಾಕೆ ಎಂದು ಕೇಳಿದರೆ ದೊಡ್ಡಮ್ಮ, "ಆಫ್ ಮಾಡಿ ಆಫ್ ಮಾಡಿ ಆನ್ ಮಾಡಿದ್ರೆ ಇನ್ನೂ ಜಾಸ್ತಿ ಎಳೆಯುತ್ತಂತಲ್ಲ ಮಗಾ" ಎಂದರು. ಈ ಮಾತು ತುಂಬಾ ಜನ ಹೇಳುತ್ತಾರೆ. ಅದು ಸರಿಯಲ್ಲ. ನೀರು ತಣ್ಣಗಾಗುತ್ತಾ ಹೋದ ಹಾಗೆ ಹೊರಗೆ ಹೋಗುವ ಬಿಸಿಯೂ ಕಮ್ಮಿಯಾಗುತ್ತದೆ. ಆಮೇಲೆ ಮತ್ತೆ ಕಾಯಿಸುವಾಗ ಕೊಡುವುದು ಹೋದಷ್ಟನ್ನೇ. ಆಫ್ ಮಾಡಿದರೆ ಯಾವತ್ತೂ ನಷ್ಟವಿಲ್ಲ. ಉಳಿತಾಯ ಎಷ್ಟು ಎನ್ನುವುದಷ್ಟೇ ಪ್ರಶ್ನೆ.

ಆ ಪ್ರಶ್ನೆಗೆ ನಮ್ಮ ಮನೆಯ ಮೀಟರ್ ಕೊಟ್ಟ ಉತ್ತರ ನಾನು ನಿರೀಕ್ಷಿಸಿದ್ದಲ್ಲ. ಸದಾ ಆನ್ ಇದ್ದಾಗ ದಿನಕ್ಕೆ 2.6 ಯೂನಿಟ್ ಹತ್ತಿರ. ಟೈಮರ್ ಹಾಕಿ, ಎಲ್ಲರ ಸ್ನಾನ ಮುಗಿದ ಮೇಲೆ ಆಫ್ ಆಗುವ ಹಾಗೆ ಇಟ್ಟಾಗ 2.4. ಇಷ್ಟೇನಾ ಅನಿಸಿತು. ಕಾರಣ ಹೀಗಿದೆ. ಕೊನೆಯವರು ಬಿಸಿನೀರು ಹಿಡಿದಷ್ಟೂ ಟ್ಯಾಂಕಿಗೆ ತಣ್ಣೀರು ಬರುತ್ತದೆ. ಕಾಯಿಲ್ ಇನ್ನೂ ಆನ್ ಇದ್ದರೆ ಅದನ್ನೂ 60 ಡಿಗ್ರಿಗೆ ಕಾಯಿಸಿಯೇ ನಿಲ್ಲುತ್ತದೆ. ಆಮೇಲೆ ಟೈಮರ್ ಆಫ್ ಆದರೂ ತುಂಬಿದ ಬಿಸಿ ಟ್ಯಾಂಕ್ ಮರುದಿನದ ತನಕ ಸುಮ್ನೆ ಕೂತು ಆರುತ್ತದೆ. ಒಳ್ಳೆ ಫೋಮ್ ಇರುವ ಟ್ಯಾಂಕ್ ನಿಧಾನಕ್ಕೆ ಆರುವುದರಿಂದ ಆನ್ ಇದ್ದಾಗ ಆಗುತ್ತಿದ್ದ ನಷ್ಟದ ಹೆಚ್ಚಿನ ಪಾಲು ಈಗಲೂ ಆಗುತ್ತದೆ.

ಆದ್ದರಿಂದ ಟೈಮರನ್ನು ಕೊನೆಯ ಸ್ನಾನಕ್ಕಿಂತ ಮುಂಚೆಯೇ ಆಫ್ ಮಾಡಬೇಕು. 60 ಡಿಗ್ರಿಯ ನೀರಿಗೆ ಅಷ್ಟೇ ತಣ್ಣೀರು ಬೆರೆಸಿದರೆ 40 ಡಿಗ್ರಿ, ಅಂದರೆ ಒಂದು ಬಕೆಟ್‌ಗೆ ಟ್ಯಾಂಕಿನಿಂದ ಹೋಗುವುದು 9 ಲೀಟರ್ ಮಾತ್ರ. ತುಂಬಿದ ಟ್ಯಾಂಕ್ ಇದ್ದರೆ ಕಾಯಿಲ್ ಆಫ್ ಆಗಿದ್ದರೂ ಇಬ್ಬರಿಗೆ ಧಾರಾಳವಾಗಿ ಆಗುತ್ತದೆ. ನಮ್ಮಲ್ಲಿ ಈಗ ಐದೂವರೆಗೆ ಆನ್. 25 ಲೀಟರ್ 20ರಿಂದ 60 ಡಿಗ್ರಿಗೆ ಬರಲು 35 ನಿಮಿಷ ಬೇಕು. ಆರೂಕಾಲಿನ ಒಳಗೆ ಒಬ್ಬರು, ಆರೂವರೆಯ ಒಳಗೆ ಇನ್ನೊಬ್ಬರು. ಅವರು ಬಳಸಿದ್ದು ಮತ್ತೆ ಕಾಯಲು ಕಾಲು ಗಂಟೆ. ಆರೂ ಮುಕ್ಕಾಲಿಗೆ ಆಫ್. ಉಳಿದ ಇಬ್ಬರ ಸ್ನಾನ ಆದ ಮೇಲೆ ಟ್ಯಾಂಕಿನಲ್ಲಿ ಉಳಿಯುವುದು ಬರೀ ಉಗುರುಬೆಚ್ಚಗಿನ ನೀರು. ಆರುವುದಕ್ಕೆ ಅದರಲ್ಲಿ ಏನೂ ಇಲ್ಲ. ಮೀಟರ್ 2 ಯೂನಿಟ್‌ಗೆ ಇಳಿಯಿತು. ಅದೇ ಟೈಮರ್, ಅದೇ ಗೀಸರ್, ಆಫ್ ಆಗುವ ಹೊತ್ತು ಮಾತ್ರ ಬೇರೆ. ಸದಾ ಆನ್ ಇದ್ದಾಗಿನದಕ್ಕೆ ಹೋಲಿಸಿದರೆ ತಿಂಗಳಿಗೆ 18 ಯೂನಿಟ್ ಉಳಿತಾಯ.

ಸ್ನಾನ ಒಬ್ಬರ ಹಿಂದೆ ಒಬ್ಬರದು ಆದರೆ ಇನ್ನೊಂದು ಲಾಭವಿದೆ. ನಲ್ಲಿ ನಿಲ್ಲಿಸಿದಾಗ ಪೈಪಿನಲ್ಲಿ ಬಿಸಿನೀರು ಉಳಿಯುತ್ತದೆ, ಅರ್ಧ ಇಂಚಿನ ಪೈಪ್ ಐದಾರು ಮೀಟರ್ ಇದ್ದರೆ ಸುಮಾರು ಒಂದು ಲೀಟರ್. ಗಂಟೆ ಬಿಟ್ಟು ಮುಂದಿನವರು ಬಂದರೆ ಅಷ್ಟೂ ತಣ್ಣಗಾಗಿರುತ್ತದೆ.

ಇನ್ನು ಹೊದಿಕೆ. ನಾನು ಆರಿಸಿದ್ದು ಎಸಿ ಪೈಪಿಗೆ ಸುತ್ತುವ ಕಪ್ಪು ರಬ್ಬರ್ ಫೋಮ್, ಒಂದು ಇಂಚು ದಪ್ಪದ ಶೀಟು. ಎಸಿ ರಿಪೇರಿಯವರ ಹತ್ತಿರ ಸಿಗುತ್ತದೆ. ಗ್ಲಾಸ್ ವೂಲ್ ಬೇಡ ಎಂದದ್ದಕ್ಕೆ ಕಾರಣ ನಮ್ಮ ಮಳೆಗಾಲ. ಬಚ್ಚಲ ತೇವ ಕುಡಿದ ಗ್ಲಾಸ್ ವೂಲ್ ಬಿಸಿ ತಡೆಯುವುದಿಲ್ಲ. ರಬ್ಬರ್ ಫೋಮಿನ ಒಳಗಿನ ಗುಳ್ಳೆಗಳು ಮುಚ್ಚಿಕೊಂಡಿರುತ್ತವೆ, ನೀರು ಒಳಗೆ ಹೋಗುವುದಿಲ್ಲ. ಸುತ್ತುವಾಗ ವೈರ್ ಹೋಗುವ ಕೆಳಗಿನ ಮುಚ್ಚಳ, ಥರ್ಮೋಸ್ಟಾಟ್ ತಿರುಗಣೆ, ಒತ್ತಡ ಬಿಡುವ ವಾಲ್ವ್ ಈ ಮೂರನ್ನೂ ಮುಚ್ಚಬಾರದು. ವಾಲ್ವ್ ಬಾಯಿ ಕಟ್ಟಿದರೆ ಟ್ಯಾಂಕ್ ಒಡೆಯುವ ಅಪಾಯವಿದೆ. ಮುಚ್ಚಳದ ಒಳಗೆ ಬಿಸಿ ಸೇರಿದರೆ ವೈರ್ ಹಾಳಾಗುತ್ತದೆ. ಕೆಲಸ ಶುರು ಮಾಡುವ ಮುಂಚೆ ಎಂಸಿಬಿ ಇಳಿಸಿ. ಗೀಸರ್‌ನಿಂದ ಹೊರಡುವ ಬಿಸಿ ಪೈಪಿನ ಮೊದಲ ಮೀಟರಿಗೂ ಇದೇ ಫೋಮಿನ ಕೊಳವೆ ತೊಡಿಸಿ. ಲೋಹದ ಪೈಪ್ ಆದರೆ ಟ್ಯಾಂಕಿನ ಬಿಸಿಯನ್ನು ಅದೇ ಹೊರಗೆ ಎಳೆಯುತ್ತಿರುತ್ತದೆ.

ನಮ್ಮ ಹೊಸ ಗೀಸರ್‌ಗೆ ಸುತ್ತಿದ್ದು ದಂಡ ಎಂದೇ ಹೇಳಬೇಕು. ದಿನಕ್ಕೆ ಸುಮಾರು 0.1 ಯೂನಿಟ್ ಇಳಿಯಿತು, ಅಷ್ಟೇ. ಒಳಗೇ ದಪ್ಪ ಫೋಮ್ ಇರುವ ಟ್ಯಾಂಕಿಗೆ ಮೇಲೊಂದು ಪದರ ಬೇಕಾಗಿಲ್ಲ.

ದೊಡ್ಡಮ್ಮನ ಮನೆಯಲ್ಲಿ ಕಥೆ ಬೇರೆ. ಸದಾ ಆನ್, ಹೊದಿಕೆ ಇಲ್ಲದೆ: ದಿನಕ್ಕೆ 2.35. ಬರೀ ಹೊದಿಕೆ ಹಾಕಿದಾಗ 1.85. ಹೊದಿಕೆ ತೆಗೆದು ಬರೀ ಟೈಮರ್ ಇಟ್ಟಾಗ 1.6. ಎರಡೂ ಸೇರಿದಾಗ 1.35. ಹೊದಿಕೆಯಿಂದ ಅರ್ಧ ಯೂನಿಟ್, ಟೈಮರ್‌ನಿಂದ ಮುಕ್ಕಾಲು, ಆದರೆ ಎರಡೂ ಸೇರಿ ಒಂದೂಕಾಲು ಆಗಲಿಲ್ಲ, ಒಂದೇ ಆಯಿತು. ಎರಡೂ ಕೈ ಹಾಕುವುದು ಅದೇ ನಷ್ಟಕ್ಕೆ ಅಲ್ವಾ? ಒಂದು ಕಮ್ಮಿ ಮಾಡಿದ ಮೇಲೆ ಇನ್ನೊಂದಕ್ಕೆ ಉಳಿಯುವುದು ಅಷ್ಟೇ. ಆದರೂ ಅಲ್ಲಿ ಎರಡನ್ನೂ ಇಟ್ಟಿದ್ದೇವೆ. ದೊಡ್ಡಪ್ಪನ ಸ್ನಾನ ಬೆಳಿಗ್ಗೆ, ದೊಡ್ಡಮ್ಮನದು ಸಂಜೆ ತೋಟದಿಂದ ಬಂದ ಮೇಲೆ. ಬೆಳಿಗ್ಗೆ ಟ್ಯಾಂಕಿನಲ್ಲಿ ಉಳಿದ ಬಿಸಿನೀರನ್ನು ಸಂಜೆಯ ತನಕ ಕಾಯುವುದು ಹೊದಿಕೆಯೇ. ನಮ್ಮ ಮನೆಯ ಹಾಗೆ ಟ್ಯಾಂಕ್ ಖಾಲಿ ಮಾಡುವ ಉಪಾಯ ಅಲ್ಲಿ ನಡೆಯುವುದಿಲ್ಲ.

ಟೈಮರ್ ಆರಿಸುವಾಗ ಎರಡು ವಿಷಯ ಗಮನಿಸಿ. ಒಂದು, 2 ಕಿಲೋವ್ಯಾಟ್ ಕಾಯಿಲ್ ಎಳೆಯುವುದು 9 ಆಂಪಿಯರ್ ಹತ್ತಿರ. 6 ಆಂಪಿಯರಿನ ಅಗ್ಗದ ಟೈಮರ್ ಅದನ್ನು ತಡೆಯುವುದಿಲ್ಲ, 16 ಆಂಪಿಯರಿನದೇ ಬೇಕು. ಅದನ್ನು ಹಾಕಿದ ಮೇಲೂ ಮೊದಲ ಕೆಲವು ದಿನ, ಆಫ್ ಆದ ಕೂಡಲೇ ಪ್ಲಗ್ ಮುಟ್ಟಿ ನೋಡಿ. ಕೈ ಸುಡುವಷ್ಟು ಬಿಸಿಯಿದ್ದರೆ, ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿದ್ದರೆ ಸಾಕೆಟ್ ಸಡಿಲ ಇದೆ ಎಂದರ್ಥ. ಬಳಸುವುದನ್ನು ನಿಲ್ಲಿಸಿ ಎಲೆಕ್ಟ್ರಿಷಿಯನ್ ಕರೆಸಿ.

ಎರಡನೆಯದು ನಮ್ಮ ಕಡೆಯವರಿಗೆ ಮುಖ್ಯ. ಸುತ್ತಲೂ ಕಾಲು ಗಂಟೆಯ ಗುಬುಟುಗಳಿರುವ, ಗಡಿಯಾರದ ಹಾಗೆ ತಿರುಗುವ ಟೈಮರ್ ಕರೆಂಟಿನಿಂದಲೇ ತಿರುಗುವುದು. ಕರೆಂಟ್ ಹೋದರೆ ಅದೂ ನಿಲ್ಲುತ್ತದೆ. ಆಷಾಢದಲ್ಲಿ ರಾತ್ರಿ ನಾಲ್ಕು ಗಂಟೆ ಕರೆಂಟ್ ಹೋಗಿ ಬಂದರೆ ಗೀಸರ್ ಆನ್ ಆಗುವುದು ಒಂಬತ್ತೂವರೆಗೆ. ಆಗ ಎಲ್ಲರೂ ತಣ್ಣೀರೇ ಸುರಿದುಕೊಳ್ಳಬೇಕು, ಆಮೇಲೆ ತುಂಬಿದ ಬಿಸಿ ಟ್ಯಾಂಕ್ ಹಗಲಿಡೀ ದಂಡಕ್ಕೆ ಕೂರುತ್ತದೆ. ಒಳಗೆ ಬ್ಯಾಟರಿ ಇರುವ ಡಿಜಿಟಲ್ ಟೈಮರ್‌ಗೆ ಈ ತೊಂದರೆ ಇಲ್ಲ. ಮಲೆನಾಡಿಗೆ ಅದೇ ಸರಿ. ವೋಲ್ಟೇಜ್ ಕಮ್ಮಿ ಬರುವ ಊರಾದರೆ ಹೊತ್ತನ್ನೂ ಜಾಸ್ತಿ ಇಡಬೇಕು. 230 ಬದಲು 200 ವೋಲ್ಟ್ ಬಂದರೆ 35 ನಿಮಿಷದ ಕೆಲಸಕ್ಕೆ ಮುಕ್ಕಾಲು ಗಂಟೆ ಹಿಡಿಯುತ್ತದೆ. ಕರೆಂಟ್ ಖರ್ಚು ಅಷ್ಟೇ, ಕಾಯುವ ಹೊತ್ತು ಮಾತ್ರ ಹೆಚ್ಚು.

ಥರ್ಮೋಸ್ಟಾಟ್ ಇಳಿಸಿದರೂ ನಷ್ಟ ಕಮ್ಮಿಯಾಗುತ್ತದೆ, 50ರಲ್ಲಿ ಇಟ್ಟರೆ ಸ್ನಾನಕ್ಕೆ ತೊಂದರೆಯಿಲ್ಲ. ಆದರೆ ಅದನ್ನೇ 40ಕ್ಕೆ ಇಳಿಸಿ ಸದಾ ಬಿಡಬೇಡಿ. ಶ್ವಾಸಕೋಶಕ್ಕೆ ಕಾಯಿಲೆ ತರುವ ಲೆಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಬೆಳೆಯುವುದು ಅಂಥ ಉಗುರುಬೆಚ್ಚಗಿನ ನೀರಿನಲ್ಲಿ. 60 ಡಿಗ್ರಿಯಲ್ಲಿ ಅದು ಸಾಯುತ್ತದೆ. ನಮ್ಮ ಟೈಮರ್ ದಿನಾ ಬೆಳಿಗ್ಗೆ ಟ್ಯಾಂಕನ್ನು 60ಕ್ಕೆ ಮುಟ್ಟಿಸುತ್ತದೆ. ದೊಡ್ಡಮ್ಮನ ಮನೆಯಲ್ಲೂ ತಿರುಗಣೆ ಅಲ್ಲೇ ಇದೆ. ಮನೆಗೆ ಬೀಗ ಹಾಕಿ ವಾರಗಟ್ಟಲೆ ಹೋಗಿ ಬಂದಾಗ ಮಾತ್ರ ಮೊದಲು ಒಂದು ಸಲ ಪೂರ್ತಿ ಕಾಯಿಸಿ, ಆ ಮೇಲೆ ಸ್ನಾನಕ್ಕೆ ಹಿಡಿಯುತ್ತೇವೆ.